ನೆಗಡಿ ಮತ್ತು ಸತು: ನುಂಗುವುದೋ, ಚೀಪುವುದೋ, ಉಣ್ಣುವುದೋ?



ಮಳೆ ಹಿಡಿದುಕೊಂಡ ದಿನಗಳಲ್ಲಿ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಜನರ ಮೂಗು ಸೋರುತ್ತಿರುತ್ತದೆ. ಹೋದ ವಾರ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಕರವಸ್ತ್ರದಲ್ಲಿ ಮೂಗೊರೆಸಿಕೊಳ್ಳುತ್ತಾ ಬಂದರು. ಅಂಗಿಯ ಜೇಬಿನಿಂದ ಒಂದು ಮಾತ್ರೆ ಶೀಟು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಡಾಕ್ಟ್ರಮ್ಮ, ನಿನ್ನೆ ಸಾಯಂಕಾಲ ನೆಗಡಿ ಶುರುವಾಯ್ತು. ಮೊಮ್ಮಗ ಈ ಜಿಂಕ್ ಮಾತ್ರೆ ತಂದುಕೊಟ್ಟ. ಇದನ್ನ ನುಂಗಿದ್ರೆ ನೆಗಡಿ ಬೇಗ ಬಿಡುತ್ತಾ? ಬಿಡದೆ ಇದ್ರೂ, ರೋಗನಿರೋಧಕ ಶಕ್ತಿಗೆ ಅಂತ ವರ್ಷಪೂರ್ತಿ ದಿನಾ ಒಂದೊಂದು ತಗೊಂಡ್ರೆ ಒಳ್ಳೇದಲ್ವಾ?"

ಶೀಟನ್ನು ತಿರುಗಿಸಿ ನೋಡಿದೆ. ಒಂದು ಮಾತ್ರೆಯಲ್ಲಿ 50 ಮಿಲಿಗ್ರಾಂ ಸತು ಇತ್ತು. ಜಿಂಕ್ ಅಂದರೆ ನಮ್ಮ ಕನ್ನಡದ ಸತುವೇ. ಮೇಷ್ಟ್ರು ಕೇಳಿದ್ದು ಒಂದೇ ಉಸಿರಿನಲ್ಲಾದರೂ ಅದರಲ್ಲಿ ಎರಡು ಪ್ರಶ್ನೆಗಳಿದ್ದವು. ಬಂದಿರುವ ನೆಗಡಿಗೆ ಸತು ಮದ್ದಾಗುತ್ತದೆಯೇ ಎಂಬುದು ಒಂದು. ರೋಗ ತಡೆಯುವ ಶಕ್ತಿಗೆ ಸತು ಬೇಕೇ, ಬೇಕಾದರೆ ಎಲ್ಲಿಂದ ಪಡೆಯಬೇಕು ಎಂಬುದು ಇನ್ನೊಂದು. ಜನ ಈ ಎರಡನ್ನೂ ಕಲಸಿಬಿಡುತ್ತಾರೆ, ಮಾತ್ರೆ ವ್ಯಾಪಾರ ನಡೆಯುವುದೂ ಆ ಕಲಸುಮೇಲೋಗರದಲ್ಲೇ. ಇವತ್ತು ಎರಡನ್ನೂ ಬಿಡಿಸಿ ಹೇಳುತ್ತೇನೆ. ಎರಡನೆಯದರಿಂದಲೇ ಶುರುಮಾಡೋಣ, ಯಾಕೆಂದರೆ ಕಥೆ ಹುಟ್ಟಿದ್ದು ಅಲ್ಲಿ.

ಮನುಷ್ಯನಿಗೆ ಸತು ಬೇಕೇಬೇಕು ಎಂದು ತೋರಿಸಿಕೊಟ್ಟವರು ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ವೈದ್ಯ ಡಾ. ಆನಂದ ಪ್ರಸಾದ್. 1958ರಲ್ಲಿ ಅವರು ಇರಾನಿನ ಶಿರಾಜ್ ನಗರದ ಆಸ್ಪತ್ರೆಯಲ್ಲಿದ್ದಾಗ ಒಬ್ಬ ರೋಗಿ ಬಂದ. ಅವನ ವಯಸ್ಸು 21, ಆದರೆ ನೋಡಿದರೆ ಹತ್ತು ವರ್ಷದ ಹುಡುಗನಂತಿದ್ದ. ಮೀಸೆ ಚಿಗುರಿರಲಿಲ್ಲ, ಗಂಡಸಿನ ಬೆಳವಣಿಗೆಯ ಯಾವ ಗುರುತೂ ಇರಲಿಲ್ಲ, ಚರ್ಮ ಒರಟಾಗಿತ್ತು, ರಕ್ತ ತೀರ ಕಡಿಮೆಯಾಗಿತ್ತು. ಮಾಂಸ ಅಪರೂಪವಾದ ಅವನ ಹಳ್ಳಿಯ ಊಟವೆಂದರೆ ಹುಳಿ ಬರಿಸದ ಗೋಧಿ ರೊಟ್ಟಿ. ಅದರ ಜೊತೆಗೆ ಅವನು ದಿನವೂ ಮಣ್ಣು ತಿನ್ನುತ್ತಿದ್ದ. ಅದೇ ಲಕ್ಷಣದ ಇನ್ನಷ್ಟು ಯುವಕರು ಒಬ್ಬೊಬ್ಬರಾಗಿ ಸಿಕ್ಕರು.

ರಕ್ತಹೀನತೆಗೆ ಕಬ್ಬಿಣದ ಕೊರತೆ ಕಾರಣ ಎನ್ನಬಹುದಿತ್ತು. ಆದರೆ ಕಬ್ಬಿಣ ಕಡಿಮೆಯಾದರೆ ಬೆಳವಣಿಗೆ ಹೀಗೆ ನಿಂತುಹೋಗುವುದಿಲ್ಲ. ಪ್ರಸಾದ್ ಆಮೇಲೆ ಈಜಿಪ್ಟಿಗೆ ಹೋಗಿ, ಅಲ್ಲಿ ಇಂಥದೇ ಹುಡುಗರ ರಕ್ತ ಮತ್ತು ಕೂದಲಿನಲ್ಲಿ ಸತುವನ್ನು ಅಳೆದರು. ಅದು ಕಡಿಮೆಯಿತ್ತು. ಸತು ಕೊಟ್ಟ ಮೇಲೆ ಆ ಹುಡುಗರು ಒಂದೇ ವರ್ಷದಲ್ಲಿ ಐದಾರು ಅಂಗುಲ ಬೆಳೆದರು, ಯೌವನದ ಗುರುತುಗಳೂ ಕಾಣಿಸಿಕೊಂಡವು. ನಮ್ಮ ಇವತ್ತಿನ ವಿಷಯಕ್ಕೆ ಬೇಕಾದ ಇನ್ನೊಂದು ಸಂಗತಿಯನ್ನೂ ಪ್ರಸಾದ್ ಗಮನಿಸಿದ್ದರು. ಚಿಕಿತ್ಸೆ ಸಿಗದ ಇಂಥವರು ಇಪ್ಪತ್ತೈದು ದಾಟುವುದೇ ಕಷ್ಟವಾಗಿತ್ತು. ಒಂದಲ್ಲ ಒಂದು ಸೋಂಕು ಅವರನ್ನು ಒಯ್ಯುತ್ತಿತ್ತು.

ಸೋಂಕಿಗೂ ಸತುವಿಗೂ ಏನು ನಂಟು? ನಮ್ಮ ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ರೋಗಾಣುಗಳನ್ನು ಗುರುತು ಹಿಡಿದು ಎದುರಿಸುವ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ಪಳಗುವ ಗರಡಿಮನೆ ಅದು. ಆ ಗ್ರಂಥಿಯ ಥೈಮುಲಿನ್ ಎಂಬ ಹಾರ್ಮೋನಿಗೆ ಒಳಗೆ ಸತುವಿನ ಒಂದು ಪರಮಾಣು ಕೂತರೆ ಮಾತ್ರ ಕೆಲಸ ಮಾಡಲು ಬರುತ್ತದೆ. ಸತು ಕಡಿಮೆಯಾದರೆ ಹಾರ್ಮೋನು ಮಂಕಾಗುತ್ತದೆ, ಗ್ರಂಥಿ ಕುಗ್ಗುತ್ತದೆ, ಪಳಗಿ ಹೊರಬರುವ ಕೋಶಗಳು ಕಡಿಮೆಯಾಗುತ್ತವೆ. ಸೋಂಕು ಬಂದಾಗ ಈ ಕೋಶಗಳು ಬೇಗ ಬೇಗ ಒಂದಕ್ಕೆ ಎರಡಾಗಿ ಹೆಚ್ಚಬೇಕು. ಹಾಗೆ ಹೆಚ್ಚುವುದಕ್ಕೂ ಸತು ಬೇಕು.

ಸತುವಿಗೆ ಇನ್ನೊಂದು ಗುಣವಿದೆ. ವಯಸ್ಕರ ಮೈಯಲ್ಲಿ ಒಟ್ಟು ಎರಡು ಮೂರು ಗ್ರಾಂ ಸತು ಇರುತ್ತದೆ, ಬಹುಪಾಲು ಸ್ನಾಯು ಮತ್ತು ಮೂಳೆಗಳಲ್ಲಿ. ಆದರೆ ಕಬ್ಬಿಣಕ್ಕೆ ಇರುವ ಹಾಗೆ, ಕೊರತೆ ಬಂದಾಗ ತೆಗೆದು ಬಳಸಲು ಒಂದು ಕಣಜ ಇದಕ್ಕಿಲ್ಲ. ದಿನದಿನದ ಅನ್ನದಲ್ಲಿ ಬಂದದ್ದು ದಿನದಿನದ ಖರ್ಚಿಗೆ. ಹಾಗಾಗಿ ನೆಗಡಿ ಬಂದ ದಿನ ಒಂದು ಮಾತ್ರೆ ನುಂಗಿ ತಿಂಗಳುಗಟ್ಟಲೆಯ ಕೊರತೆಯನ್ನು ಆ ಗಳಿಗೆಯಲ್ಲಿ ತುಂಬಲಾಗದು. ಕೊರತೆಯೇ ಇಲ್ಲದವರು ಹೆಚ್ಚು ನುಂಗಿದರೆ ರೋಗ ತಡೆಯುವ ಶಕ್ತಿ ಆ ಲೆಕ್ಕದಲ್ಲಿ ಏರುತ್ತಲೂ ಹೋಗುವುದಿಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಹೊರಗೆ ಚೆಲ್ಲುತ್ತದೆ ಅಷ್ಟೆ.

ಹಾಗಾದರೆ ನಮ್ಮ ಮೇಷ್ಟ್ರ ಕೊಡ ತುಂಬಿತ್ತೇ? ಅದನ್ನು ತಿಳಿಯಲು ನಾನು ಅವರ ಊಟ ಕೇಳಿದೆ. ರಕ್ತ ಪರೀಕ್ಷೆಗೆ ಯಾಕೆ ಬರೆಯಲಿಲ್ಲ ಎಂದು ನೀವು ಕೇಳಬಹುದು. ಸೋಂಕು ಬಂದಾಗ ಪಿತ್ತಜನಕಾಂಗವು ರಕ್ತದಲ್ಲಿರುವ ಸತುವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ನೆಗಡಿ ಜ್ವರದ ದಿನಗಳಲ್ಲಿ ಪರೀಕ್ಷೆ ಮಾಡಿಸಿದರೆ ಕೊರತೆಯಿಲ್ಲದವರಲ್ಲೂ ಕಡಿಮೆ ಎಂದು ಬರಬಹುದು. ಆ ಚೀಟಿ ನೋಡಿ ಮಾತ್ರೆ ಶುರುಮಾಡಿದವರನ್ನು ನಾನು ಕಂಡಿದ್ದೇನೆ.

ಮೇಷ್ಟ್ರ ಮನೆಯೂಟ ಹೀಗಿತ್ತು. ಬೆಳಿಗ್ಗೆ ಚಿತ್ರಾನ್ನ ಅಥವಾ ಪುಳಿಯೋಗರೆ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅನ್ನ, ಮಜ್ಜಿಗೆ. ನಡುವೆ ಮೂರು ಲೋಟ ಕಾಫಿ. ಹೆಂಡತಿ ತೀರಿಕೊಂಡ ಮೇಲೆ ಮುದ್ದೆ ಬಿಟ್ಟುಬಿಟ್ಟಿದ್ದರು. "ಸೊಸೆಗೆ ಮುದ್ದೆ ತಿರುವೋ ತೊಂದರೆ ಯಾಕೆ ಅಂತ," ಎಂದರು.

ಕಾಗದ ತೆಗೆದು ಇಬ್ಬರೂ ಲೆಕ್ಕ ಹಾಕಿದೆವು. ಪಾಲಿಶ್ ಮಾಡಿದ ಅಕ್ಕಿ 100 ಗ್ರಾಮಿನಲ್ಲಿ ಸತು ಸುಮಾರು 1.2 ಮಿಲಿಗ್ರಾಂ. ದಿನಕ್ಕೆ 300 ಗ್ರಾಂ ಅಕ್ಕಿಯಿಂದ 3.6. ತಿಳಿಸಾರಿಗೆ ಹಾಕುವ ಒಂದು ಹಿಡಿ ತೊಗರಿಬೇಳೆಯಿಂದ ಮುಕ್ಕಾಲು ಮಿಲಿಗ್ರಾಂ. ಹಾಲು ಮಜ್ಜಿಗೆಯಿಂದ ಒಂದು, ತರಕಾರಿಯಿಂದ ಅರ್ಧ. ಒಟ್ಟು ಕೂಡಿದರೆ ಆರು ಮಿಲಿಗ್ರಾಂ ಆಸುಪಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ, ಹೆಂಗಸರಿಗೆ 13.2 ಮಿಲಿಗ್ರಾಂ ಬೇಕು. ಬಹುತೇಕ ಎಲ್ಲರಿಗೂ ಸಾಲಲಿ ಎಂದು ಸ್ವಲ್ಪ ಧಾರಾಳವಾಗಿ ನಿಗದಿ ಮಾಡಿದ ಅಂಕಿ ಅದು. ಆದರೂ ಆರಕ್ಕೂ ಹದಿನೇಳಕ್ಕೂ ನಡುವಿನ ದೂರ ಸಣ್ಣದಲ್ಲ.

ಮೇಷ್ಟ್ರು ಲೆಕ್ಕವನ್ನು ಮತ್ತೆ ಕೂಡಿ ನೋಡಿದರು. "ಹೊಟ್ಟೆ ತುಂಬ ಊಟ ಮಾಡ್ತೀನಲ್ಲ ಡಾಕ್ಟ್ರಮ್ಮ!" ಎಂದರು. ಹೊಟ್ಟೆ ತುಂಬುವುದೇ ಬೇರೆ, ಸತು ತುಂಬುವುದೇ ಬೇರೆ.

ಆಮೇಲೆ ಅದೇ ಕಾಗದದ ಹಿಂದೆ ಇನ್ನೊಂದು ಊಟ ಬರೆದೆವು. ಬೆಳಿಗ್ಗೆ ಉದ್ದು ಅಕ್ಕಿ ರುಬ್ಬಿದ ದೋಸೆ ಅಥವಾ ಇಡ್ಲಿ, ಅದರಿಂದ ಒಂದೂವರೆ ಮಿಲಿಗ್ರಾಂ. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆ, ಅದರಿಂದ ಎರಡೂವರೆ. ತಿಳಿಸಾರಿನ ಬದಲು ಹುರುಳಿ, ಹೆಸರುಕಾಳು ಅಥವಾ ಅಲಸಂದೆಯ ಗಟ್ಟಿ ಸಾರು; 60 ಗ್ರಾಂ ಕಾಳಿನಿಂದ ಒಂದೂವರೆಗೂ ಸ್ವಲ್ಪ ಮೇಲೆ. ಅನ್ನ ಅರ್ಧಕ್ಕೆ ಇಳಿಸಿದರೂ ಅದರಿಂದ ಎರಡರ ಹತ್ತಿರ. ಹಾಲು, ಮೊಸರು, ಮಜ್ಜಿಗೆ ಎಲ್ಲ ಸೇರಿ ಅರ್ಧ ಲೀಟರಿನಿಂದ ಒಂದೂವರೆ. ಎರಡು ದೊಡ್ಡ ಚಮಚ ಎಳ್ಳಿನ ಚಟ್ನಿಪುಡಿಯಿಂದ ಒಂದೂವರೆ. ಒಂದು ಹಿಡಿ ಕಡಲೆಕಾಯಿ ಬೀಜದಿಂದ ಒಂದು. ತರಕಾರಿ ಸೇರಿಸಿದರೆ ಹನ್ನೆರಡು ಮಿಲಿಗ್ರಾಂ ಆಸುಪಾಸು. ಹಳೆಯ ಊಟದ ಎರಡರಷ್ಟಾಯಿತು. ಮಾತ್ರೆಯಿಲ್ಲ, ಹೊರಗಿನಿಂದ ತಂದ ದುಬಾರಿ ಪದಾರ್ಥವಿಲ್ಲ.

ಮೇಷ್ಟ್ರು ಮೊಟ್ಟೆ, ಮಾಂಸ ತಿನ್ನುವವರು, ಹಾಗಾಗಿ ಅದನ್ನೂ ಬರೆದೆ. ಒಂದು ಮೊಟ್ಟೆಯಲ್ಲಿ ಇರುವುದು ಅರ್ಧ ಮಿಲಿಗ್ರಾಮಿಗೆ ತುಸು ಮೇಲೆ, ಜನ ಅಂದುಕೊಂಡಷ್ಟಲ್ಲ. 100 ಗ್ರಾಂ ಕುರಿ ಮಾಂಸದಲ್ಲಿ ಸುಮಾರು ಮೂರು ಮಿಲಿಗ್ರಾಂ. ಕೋಳಿಯಲ್ಲಿ ಅದರ ಅರ್ಧಕ್ಕಿಂತ ಹೆಚ್ಚಿಲ್ಲ, ತೊಡೆಯ ಕಪ್ಪು ಮಾಂಸದಲ್ಲಿ ಎದೆಯದಕ್ಕಿಂತ ಜಾಸ್ತಿ. ಕರಾವಳಿಯವರಿಗೆ ಏಡಿ ಒಳ್ಳೆಯದು. ಎಲ್ಲ ಆಹಾರಗಳಲ್ಲಿ ಸತು ಅತಿ ಹೆಚ್ಚಿರುವುದು ಕಲ್ಲುಬಂಡೆಗೆ ಅಂಟಿಕೊಂಡು ಬೆಳೆಯುವ ಸಿಂಪಿಯಲ್ಲಿ. ಮಾಂಸ ತಿನ್ನದವರಿಗೆ ಎಳ್ಳು, ಕುಂಬಳಬೀಜ, ಗೋಡಂಬಿ ಇವೆ. ಎಳ್ಳು ಮತ್ತು ಕುಂಬಳಬೀಜದ 100 ಗ್ರಾಮಿನಲ್ಲಿ ಏಳೆಂಟು ಮಿಲಿಗ್ರಾಂ ಸತು ಇರುತ್ತದೆ. ಕುಂಬಳಕಾಯಿ ಹೆಚ್ಚುವಾಗ ಬೀಜವನ್ನು ತಿಪ್ಪೆಗೆ ಎಸೆಯುವ ಬದಲು ತೊಳೆದು ಒಣಗಿಸಿ ಹುರಿದಿಟ್ಟುಕೊಳ್ಳಿ.

ತಟ್ಟೆಯಲ್ಲಿ ಇರುವುದೆಲ್ಲ ಮೈಗೆ ಹತ್ತುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಇರಾನಿನ ಹುಡುಗ ತಿನ್ನುತ್ತಿದ್ದ ರೊಟ್ಟಿಯಲ್ಲಿ ಸತು ಇರಲಿಲ್ಲವೆಂದಲ್ಲ, ಇಡೀ ಗೋಧಿಯಲ್ಲಿ ಸತು ಚೆನ್ನಾಗಿಯೇ ಇದೆ. ಆದರೆ ಧಾನ್ಯ, ಕಾಳು, ಎಳ್ಳಿನಲ್ಲಿ ಫೈಟೇಟ್ ಎಂಬ ವಸ್ತುವಿದೆ. ಬೀಜ ಮುಂದೆ ಮೊಳೆಯುವಾಗ ಬೇಕಾಗುವ ರಂಜಕವನ್ನು ಗಿಡ ಅದರಲ್ಲಿ ಕೂಡಿಟ್ಟಿರುತ್ತದೆ. ಈ ಫೈಟೇಟ್ ನಮ್ಮ ಕರುಳಿನಲ್ಲಿ ಸತುವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಕರುಳು ಅದನ್ನು ಬಿಡಿಸಿ ಒಳಗೆ ತೆಗೆದುಕೊಳ್ಳಲಾರದು. ಫೈಟೇಟ್ ಕಡಿಮೆಯಿರುವ ಊಟದ ಸತುವಿನಲ್ಲಿ ಅರ್ಧದವರೆಗೂ ಮೈಗೆ ಸೇರಬಹುದು. ಫೈಟೇಟ್ ತುಂಬಿರುವ ಊಟದಲ್ಲಿ ಸೇರುವುದು ನೂರಕ್ಕೆ ಹದಿನೈದರಷ್ಟು. ನಮ್ಮ ದೇಶದ ಪ್ರಮಾಣವನ್ನು 17 ಎಂದು ಮೇಲೆ ಇಟ್ಟಿರುವುದಕ್ಕೂ ಕಾರಣ ಇದೇ. ನಾವು ಧಾನ್ಯ, ಕಾಳು ಉಣ್ಣುವ ಜನ.

ಬರೀ ಬೇಯಿಸಿದರೆ ಫೈಟೇಟ್ ಹೆಚ್ಚೇನೂ ಕರಗುವುದಿಲ್ಲ. ಅದನ್ನು ಒಡೆಯುವ ಕಿಣ್ವ ಧಾನ್ಯದಲ್ಲೂ ಇದೆ, ಹಿಟ್ಟು ಹುಳಿ ಬರಿಸುವ ಸೂಕ್ಷ್ಮಜೀವಿಗಳಲ್ಲೂ ಇದೆ. ಆ ಕಿಣ್ವಕ್ಕೆ ಬೇಕಾದ್ದು ನೀರು, ತುಸು ಬಿಸುಪು, ತುಸು ಹುಳಿ, ಮತ್ತು ಹೊತ್ತು. ರಾತ್ರಿ ರುಬ್ಬಿ ಮುಚ್ಚಿಟ್ಟ ದೋಸೆ ಹಿಟ್ಟು ಬೆಳಗಾಗುವುದರೊಳಗೆ ಉಬ್ಬಿ, ಬಟ್ಟಲಿನ ಅಂಚಿಗೆ ಬಂದು, ಸೌಟು ಹಾಕಿದರೆ ಬುಸ್ಸೆಂದು ಗುಳ್ಳೆ ಒಡೆಯುತ್ತದಲ್ಲ, ಆ ಎಂಟು ಹತ್ತು ಗಂಟೆಗಳಲ್ಲಿ ಈ ಕೆಲಸವೂ ನಡೆದಿರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ನಮ್ಮ ಸಿ.ಎಫ್.ಟಿ.ಆರ್.ಐ., 2007ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಿತು. ಹಿಟ್ಟು ಹುಳಿಬಂದ ಮೇಲೆ ಮಾಡಿದ ಇಡ್ಲಿ, ದೋಸೆಗಳಲ್ಲಿ ಕರುಳಿಗೆ ದಕ್ಕುವ ಸತು ಗಣನೀಯವಾಗಿ ಹೆಚ್ಚಿತ್ತು. ಅಂಗಡಿಯ ದಿಢೀರ್ ಪುಡಿಗೆ ಸೋಡಾ ಹಾಕಿ ಹತ್ತು ನಿಮಿಷದಲ್ಲಿ ಉಬ್ಬಿಸಿದರೆ ಇಡ್ಲಿ ಮೆತ್ತಗಾಗಬಹುದು, ಆದರೆ ಫೈಟೇಟ್ ಒಡೆಯಲು ಹೊತ್ತೇ ಸಿಗುವುದಿಲ್ಲ.

ಮೊಳಕೆ ಕಟ್ಟಿದರೂ ಫೈಟೇಟ್ ಇಳಿಯುತ್ತದೆ. ಆದರೆ ಸತುವಿನ ಮಟ್ಟಿಗೆ ಅದರ ಲಾಭ ಎಲ್ಲ ಧಾನ್ಯದಲ್ಲೂ ಒಂದೇ ಸಮನಾಗಿ ಕಂಡಿಲ್ಲ. ಹಾಗಾಗಿ ಸತುವಿಗೆ ಹೆಚ್ಚು ನಂಬಬಹುದಾದದ್ದು ಹುಳಿ ಬರಿಸುವುದು. ರಾಗಿ ಹಿಟ್ಟನ್ನು ಹಿಂದಿನ ರಾತ್ರಿ ನೀರಿನಲ್ಲಿ ಕದಡಿ ಹುಳಿಯಲು ಬಿಟ್ಟು ಬೆಳಿಗ್ಗೆ ಅಂಬಲಿ ಕಾಯಿಸುವ ಹಳೆಯ ಪದ್ಧತಿಯನ್ನು ಬಿಟ್ಟಿರುವವರು ಮತ್ತೆ ಹಿಡಿಯಿರಿ. ಮೈಸೂರಿನ ಅದೇ ಸಂಸ್ಥೆಯವರು 2010ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಧಾನ್ಯ, ಕಾಳುಗಳ ಜೊತೆ ಬೆಳ್ಳುಳ್ಳಿ ಅಥವಾ ಈರುಳ್ಳಿ ಸೇರಿದಾಗ ದಕ್ಕುವ ಸತುವಿನ ಪಾಲು ಹೆಚ್ಚುತ್ತದೆ. ಹುರುಳಿ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕುವ ಮನೆಯವರು ಅದನ್ನು ಬಿಡಬೇಡಿ.

ಈಗ ಮೇಷ್ಟ್ರ ಮೊದಲನೆಯ ಪ್ರಶ್ನೆಗೆ ಬರುತ್ತೇನೆ. ನೆಗಡಿ ಬಂದಾಗಿದೆ. ಸತು ಮಾತ್ರೆ ಅದನ್ನು ಬೇಗ ಓಡಿಸುತ್ತದೆಯೇ?

ಈ ನಂಬಿಕೆ ಹುಟ್ಟಿದ್ದು ಅಮೆರಿಕದ ಟೆಕ್ಸಸ್‌ನಲ್ಲಿ, ಒಂದು ಮಗುವಿನ ಹಟದಿಂದ. ಜಾರ್ಜ್ ಈಬಿ ಎಂಬುವರ ಮೂರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್ ಇತ್ತು. ಅವಳಿಗೆ ಕೊಟ್ಟ ಸತು ಮಾತ್ರೆಯನ್ನು ಮಗು ನುಂಗದೆ ಬಾಯಲ್ಲಿಟ್ಟು ಚೀಪಿತು. ಆಗ ಇದ್ದ ನೆಗಡಿ ಕೆಲವೇ ಗಂಟೆಗಳಲ್ಲಿ ಇಳಿದುಹೋಯಿತೆಂದು ತಂದೆಗೆ ಕಂಡಿತು. ಅವರು ಅದನ್ನು ಪರೀಕ್ಷೆಗೆ ಒಡ್ಡಿ 1984ರಲ್ಲಿ ಪ್ರಕಟಿಸಿದರು. ಎಚ್ಚರವಿದ್ದಷ್ಟು ಹೊತ್ತು ಎರಡೆರಡು ಗಂಟೆಗೊಮ್ಮೆ 23 ಮಿಲಿಗ್ರಾಂ ಸತುವಿರುವ ಮಾತ್ರೆ ಚೀಪಿದವರ ನೆಗಡಿ ಬೇಗ ವಾಸಿಯಾಯಿತು ಎಂದು ಬರೆದರು.

ಇಲ್ಲಿ ಚೀಪುವುದು ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಈಬಿಯವರ ಪರೀಕ್ಷೆಯಲ್ಲಿ ಇದ್ದದ್ದು ಪೆಪ್ಪರಮೆಂಟಿನಂತೆ ಬಾಯಲ್ಲಿಟ್ಟು ನಿಧಾನವಾಗಿ ಕರಗಿಸಿಕೊಳ್ಳುವ ಮಾತ್ರೆ. ನೆಗಡಿಯ ವೈರಸ್ ಬೀಡುಬಿಟ್ಟಿರುವುದು ಮೂಗು ಗಂಟಲಿನ ಒಳಪದರದಲ್ಲಿ. ಚೀಪಿದಾಗ ಕರಗಿದ ಸತು ಅದೇ ಜಾಗವನ್ನು ತೊಳೆಯುತ್ತಾ ಹೋಗುತ್ತದೆ, ಅಲ್ಲಿ ವೈರಸ್ಸಿಗೆ ಅಡ್ಡಬರುತ್ತದೆ ಎಂಬುದು ಈ ಚಿಕಿತ್ಸೆಯ ಹಿಂದಿನ ತರ್ಕ. ಮೇಷ್ಟ್ರ ಶೀಟಿನಲ್ಲಿದ್ದ ಹಾಗೆ ನೀರು ಕುಡಿದು ಗುಳುಂ ಎಂದು ನುಂಗುವ ಮಾತ್ರೆ ಹೊಟ್ಟೆಗೆ ಹೋಗುತ್ತದೆ. ಗಂಟಲಿನ ಗೋಡೆಗೆ ಅದು ಸೋಕುವುದೇ ಇಲ್ಲ.

ಆಮೇಲೆ ನಡೆದ ಪರೀಕ್ಷೆಗಳು ಒಂದೇ ದಾರಿ ಹಿಡಿಯಲಿಲ್ಲ. 1996ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ನೂರು ಮಂದಿ ನೌಕರರ ಮೇಲೆ ನಡೆದ ಪರೀಕ್ಷೆಯಲ್ಲಿ ಸತು ಚೀಪಿದವರ ನೆಗಡಿ ನಾಲ್ಕೂವರೆ ದಿನದಲ್ಲಿ ಬಿಟ್ಟಿತು, ಸತುವಿಲ್ಲದ ಮಾತ್ರೆ ಚೀಪಿದವರದು ಏಳೂವರೆ ದಿನ ಎಳೆಯಿತು. ಜನ ಹಿಗ್ಗಿದರು. ಎರಡು ವರ್ಷದ ನಂತರ ಮಕ್ಕಳ ಮೇಲೆ ಅದನ್ನೇ ಮಾಡಿ ನೋಡಿದಾಗ ಯಾವ ವ್ಯತ್ಯಾಸವೂ ಸಿಗಲಿಲ್ಲ. 2020ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ನಗರದ ನೌಕರರಿಗೆ ದಿನಕ್ಕೆ 78 ಮಿಲಿಗ್ರಾಂ ಲೆಕ್ಕದಲ್ಲಿ ಐದು ದಿನ ಚೀಪಿಸಿದರು, ಅಲ್ಲೂ ಲಾಭ ಕಾಣಲಿಲ್ಲ. ಮಾತ್ರೆಯ ಒಳಗಿನ ಕೂಡಿಕೆಯೂ ಫಲವನ್ನು ಕೆಡಿಸಬಹುದು. ಸತುವಿನ ಕಹಿಯೊಗರು ಮುಚ್ಚಲು ಸಿಟ್ರಿಕ್ ಆಮ್ಲ ಸೇರಿಸಿದರೆ ಅದು ಸತುವನ್ನು ಕಟ್ಟಿಹಾಕುತ್ತದೆ, ಆಗ ಬಾಯಿಗೆ ರುಚಿ ಬಂದರೂ ಗಂಟಲಿಗೆ ಸತು ಸಿಗುವುದಿಲ್ಲ.

ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯಿದೆ. 2024ರಲ್ಲಿ ಅದು 34 ಅಧ್ಯಯನಗಳನ್ನು, ಎಂಟು ಸಾವಿರಕ್ಕೂ ಹೆಚ್ಚು ಜನರ ವಿವರವನ್ನು ತೂಗಿ ಮೂರು ಮಾತು ಹೇಳಿತು. ನೆಗಡಿ ಬಾರದಂತೆ ತಡೆಯುವಲ್ಲಿ ಸತುವಿನಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಬಂದ ನೆಗಡಿಯನ್ನು ಅದು ಸುಮಾರು ಎರಡು ದಿನ ಮೊಟಕುಗೊಳಿಸಬಹುದು, ಆದರೆ ಈ ಮಾತಿಗಿರುವ ಆಧಾರ ಗಟ್ಟಿಯಾಗಿಲ್ಲ. ಮೂರನೆಯದಾಗಿ, ಬಾಯಿ ಕೆಡುವುದು, ಹೊಟ್ಟೆ ತೊಳೆಸುವುದು ಮೊದಲಾದ ತೊಂದರೆ ಸತು ತೆಗೆದುಕೊಂಡವರಲ್ಲಿ ಹೆಚ್ಚು. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಜಿಂಕ್ ಮಾತ್ರೆ ನುಂಗಿದೆವಲ್ಲ, ಅದರ ಮೇಲೂ ಅಮೆರಿಕದಲ್ಲಿ ಪರೀಕ್ಷೆ ನಡೆದಿದೆ. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಆಸ್ಪತ್ರೆಗೆ ಸೇರದೆ ಮನೆಯಲ್ಲೇ ಇದ್ದ ರೋಗಿಗಳಿಗೆ ದಿನಕ್ಕೆ 50 ಮಿಲಿಗ್ರಾಂ ಸತು ಕೊಟ್ಟರೂ ರೋಗಲಕ್ಷಣಗಳು ಬೇಗ ಇಳಿಯಲಿಲ್ಲ.

ಇಷ್ಟರ ಮೇಲೂ ನೆಗಡಿಗೆ ಸತು ನೋಡುತ್ತೇನೆ ಎನ್ನುವ ಆರೋಗ್ಯವಂತ ವಯಸ್ಕರಿಗೆ ಲೆಕ್ಕ ಹೇಳುತ್ತೇನೆ. ಚೀಪುವ ಮಾತ್ರೆಯೇ ಆಗಬೇಕು. ಗಂಟಲು ಕೆರೆತ ಶುರುವಾದ 24 ಗಂಟೆಯೊಳಗೆ ಆರಂಭಿಸಬೇಕು, ಮೂರನೆಯ ದಿನ ನೆನಪಾದರೆ ಬಿಟ್ಟುಬಿಡಿ. ಲಾಭ ಕಂಡ ಪರೀಕ್ಷೆಗಳಲ್ಲಿ ಹೆಚ್ಚಿನವುಗಳಲ್ಲಿ ದಿನದ ಒಟ್ಟು ಸತು 75 ಮಿಲಿಗ್ರಾಮಿಗೂ ಮೇಲಿತ್ತು, ಎರಡು ಮೂರು ಗಂಟೆಗೊಂದರಂತೆ ಹಂಚಿತ್ತು. ವಯಸ್ಕರಿಗೆ ದಿನನಿತ್ಯದ ಗರಿಷ್ಠ ಮಿತಿ 40 ಮಿಲಿಗ್ರಾಂ. 75 ಎಂದರೆ ಅದರ ಎರಡರಷ್ಟಕ್ಕೆ ಹತ್ತಿರ. ಆದ್ದರಿಂದ ಐದು ದಿನಕ್ಕೆ ನಿಲ್ಲಿಸಬೇಕು. ಬಸುರಿಯರಿಗೆ, ಮಕ್ಕಳಿಗೆ ಈ ಪ್ರಮಾಣ ಬೇಡ.

ಮಾತ್ರೆಯ ಮೇಲಿನ ಬರಹವನ್ನೂ ಸರಿಯಾಗಿ ಓದಬೇಕು. ಜಿಂಕ್ ಸಲ್ಫೇಟ್, ಜಿಂಕ್ ಗ್ಲುಕೋನೇಟ್ ಎಂದರೆ ಸತುವಿನ ಲವಣ. ಅದರ ತೂಕವೆಲ್ಲ ಸತುವಲ್ಲ. ಸಾಮಾನ್ಯವಾಗಿ ಸಿಗುವ 220 ಮಿಲಿಗ್ರಾಂ ಜಿಂಕ್ ಸಲ್ಫೇಟಿನಲ್ಲಿ ಇರುವ ಸತು 50 ಮಿಲಿಗ್ರಾಂ. "ಎಲಿಮೆಂಟಲ್ ಜಿಂಕ್" ಎಂದು ಬರೆದ ಅಂಕಿಯೇ ನಿಜವಾದ ಲೆಕ್ಕ. ಮನೆಯಲ್ಲಿ ಮಲ್ಟಿವಿಟಮಿನ್ ಬೇರೆ ತೆಗೆದುಕೊಳ್ಳುತ್ತಿದ್ದರೆ ಅದರಲ್ಲಿರುವ ಸತುವನ್ನೂ ಕೂಡಿಕೊಳ್ಳಿ.

ಸತುವನ್ನು ಮೂಗಿಗೆ ಮಾತ್ರ ಎಂದಿಗೂ ಹಾಕಬೇಡಿ. 1937ರಲ್ಲಿ ಕೆನಡಾದ ಟೊರಾಂಟೋದಲ್ಲಿ ಪೋಲಿಯೋ ಹಬ್ಬಿದಾಗ, ತಡೆಯಬಹುದೆಂಬ ಆಸೆಯಿಂದ ಸುಮಾರು ಐದು ಸಾವಿರ ಮಕ್ಕಳ ಮೂಗಿಗೆ ಜಿಂಕ್ ಸಲ್ಫೇಟ್ ಸಿಂಪಡಿಸಿದರು. ಪೋಲಿಯೋ ನಿಲ್ಲಲಿಲ್ಲ, ಕೆಲವು ಮಕ್ಕಳ ವಾಸನಾಶಕ್ತಿ ಹೋಯಿತು. ಆ ಪಾಠ ಮರೆತುಹೋಯಿತು. ಎಪ್ಪತ್ತು ವರ್ಷದ ಮೇಲೆ ಅಮೆರಿಕದಲ್ಲಿ ನೆಗಡಿಗೆಂದು ಮೂಗಿಗೆ ಹಚ್ಚುವ ಸತುವಿನ ಜೆಲ್ ಮಾರಾಟಕ್ಕಿತ್ತು. ವಾಸನೆಯೇ ಹೋಯಿತೆಂಬ ನೂರಕ್ಕೂ ಮೀರಿದ ದೂರುಗಳು ಬಂದ ಮೇಲೆ 2009ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಅದನ್ನು ಬಳಸಬೇಡಿ ಎಂದು ಜನರಿಗೆ ಎಚ್ಚರಿಕೆ ಕೊಟ್ಟಿತು.

ಇನ್ನು ಮೇಷ್ಟ್ರು ಕೇಳಿದ ವರ್ಷಪೂರ್ತಿ ದಿನಾ ಒಂದು 50 ಮಿಲಿಗ್ರಾಂ ಮಾತ್ರೆಯ ವಿಚಾರ. ಸತು ಹೆಚ್ಚಾದಾಗ ಕರುಳಿನ ಕೋಶಗಳು ಲೋಹ ಹಿಡಿದಿಡುವ ಒಂದು ಪ್ರೋಟೀನನ್ನು ತಯಾರಿಸುತ್ತವೆ. ಆ ಪ್ರೋಟೀನಿಗೆ ಸತುವಿಗಿಂತ ತಾಮ್ರದ ಮೇಲೆ ಹಿಡಿತ ಜಾಸ್ತಿ. ಊಟದಲ್ಲಿ ಬಂದ ತಾಮ್ರವನ್ನು ಅದು ಹಿಡಿದು ನಿಲ್ಲಿಸುತ್ತದೆ. ಕೋಶ ಕೆಲವು ದಿನದಲ್ಲಿ ಉದುರಿ ಹೊರಹೋಗುವಾಗ ತಾಮ್ರವೂ ಅದರ ಜೊತೆ ಹೋಗುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ತಾಮ್ರದ ಕೊರತೆ ಬಂದು ರಕ್ತ ಕಡಿಮೆಯಾಗುತ್ತದೆ. ಕಬ್ಬಿಣದ ಮಾತ್ರೆ ಕೊಟ್ಟರೂ ಅದು ಏರುವುದಿಲ್ಲ. ಸೋಂಕನ್ನು ಎದುರಿಸುವ ಬಿಳಿ ಕಣಗಳೂ ಇಳಿಯುತ್ತವೆ. ಯಾವ ಶಕ್ತಿಗೆಂದು ಮಾತ್ರೆ ನುಂಗಿದರೋ ಅದೇ ಕುಂದುತ್ತದೆ. ಮುಂದೆ ಪಾದ ಜುಮ್ಮೆನ್ನುವುದು, ನಡೆಯುವಾಗ ಹೆಜ್ಜೆ ತೂರಾಡುವುದು ಶುರುವಾಗುತ್ತದೆ. 2008ರಲ್ಲಿ ಅಮೆರಿಕದ ವೈದ್ಯರು ಇಂಥ ನಾಲ್ವರ ವಿವರ ಪ್ರಕಟಿಸಿದರು. ಅವರು ಮಾತ್ರೆ ನುಂಗಿದವರೂ ಅಲ್ಲ. ಹಲ್ಲಿನ ಸೆಟ್ ಅಂಟಿಸುವ ಕ್ರೀಮನ್ನು ಅತಿಯಾಗಿ ಬಳಸುತ್ತಿದ್ದರು, ಅದರಲ್ಲಿದ್ದ ಸತು ವರ್ಷಗಟ್ಟಲೆ ಹೊಟ್ಟೆ ಸೇರಿತ್ತು. ಹೋದ ನರಶಕ್ತಿ ಪೂರಾ ಮರಳಿ ಬರುವುದು ಕಷ್ಟ.

ಸತು ಕೆಲವು ಔಷಧಗಳ ದಾರಿಗೂ ಅಡ್ಡಬರುತ್ತದೆ. ಸಿಪ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಜಾತಿಯ ಆಂಟಿಬಯಾಟಿಕ್ ಮಾತ್ರೆಯನ್ನು ಸತುವಿನ ಜೊತೆಗೇ ನುಂಗಿದರೆ ಎರಡೂ ಕರುಳಿನಲ್ಲಿ ಅಂಟಿಕೊಂಡು ಔಷಧ ಮೈಗೆ ಸೇರುವುದಿಲ್ಲ. ಆಂಟಿಬಯಾಟಿಕ್ ಮೊದಲು ತೆಗೆದುಕೊಳ್ಳಿ, ನಡುವೆ ಕನಿಷ್ಠ ಎರಡು ಗಂಟೆ ಬಿಡಿ.

ಸತು ಮಾತ್ರೆಯನ್ನು ನಾನೇ ಒತ್ತಾಯ ಮಾಡಿ ಕೊಡಿಸುವ ಸಂದರ್ಭವೂ ಇದೆ. ಅದು ಮಕ್ಕಳ ಭೇದಿ. ಭೇದಿಯಲ್ಲಿ ಮಗುವಿನ ಸತು ನೀರಿನ ಜೊತೆ ಹರಿದುಹೋಗುತ್ತದೆ. ದೆಹಲಿಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಸತು ಕೊಟ್ಟ ಮಕ್ಕಳ ಭೇದಿ ಬೇಗ ಹಿಡಿತಕ್ಕೆ ಬರುವುದನ್ನು ತೋರಿಸಿತು. ಇಂಥ ಅಧ್ಯಯನಗಳ ಬಲದ ಮೇಲೆ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಓ.ಆರ್.ಎಸ್. ಜೊತೆ ಸತುವನ್ನೂ ಕೊಡಲು ಹೇಳಿದವು. ನಮ್ಮಲ್ಲಿ ಆರು ತಿಂಗಳು ತುಂಬಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10 ಮಿಲಿಗ್ರಾಂ, ಒಟ್ಟು 14 ದಿನ. ಮಾತ್ರೆಯನ್ನು ಒಂದು ಚಮಚ ಕಾಯಿಸಿ ಆರಿಸಿದ ನೀರಿನಲ್ಲೋ ಎದೆಹಾಲಿನಲ್ಲೋ ಕರಗಿಸಿ ಕುಡಿಸಬೇಕು. ಆಶಾ ಕಾರ್ಯಕರ್ತೆಯರ ಬಳಿ ಇದು ಸಿಗುತ್ತದೆ. ಭೇದಿ ಮೂರನೆಯ ದಿನಕ್ಕೆ ನಿಂತಿತೆಂದು ಎಷ್ಟೋ ತಾಯಂದಿರು ಮಾತ್ರೆಯನ್ನೂ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ ತಾಯಿ. ಕರುಳಿನ ಗಾಯ ಮಾಯುವುದಕ್ಕೂ ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸದಿರುವುದಕ್ಕೂ ಉಳಿದ ದಿನಗಳ ಸತು ಬೇಕು.

ಹಾಗಾದರೆ ಮೇಷ್ಟ್ರಿಗೆ ನಾನು ಏನು ಹೇಳಿ ಕಳಿಸಿದೆ? ವಯಸ್ಸಾದವರಲ್ಲಿ ಸತುವಿನ ಕೊರತೆ ಹೆಚ್ಚು ಎಂಬುದು ನಿಜ. ಡಾ. ಪ್ರಸಾದ್ ಅವರೇ 2007ರಲ್ಲಿ 55 ದಾಟಿದ ಐವತ್ತು ಜನರ ಮೇಲೆ ಒಂದು ವರ್ಷದ ಪರೀಕ್ಷೆ ಪ್ರಕಟಿಸಿದರು. ಸತು ಪಡೆದವರಲ್ಲಿ ಸೋಂಕು ಕಡಿಮೆಯಿತ್ತು. ಆದರೆ ಅದು ಚಿಕ್ಕ ಪರೀಕ್ಷೆ. ಅದರಲ್ಲಿದ್ದವರ ರಕ್ತದ ಸತು ಎಳೆಯರದಕ್ಕಿಂತ ಮೊದಲೇ ಕಡಿಮೆಯಿತ್ತು, ಅಂದರೆ ಅಲ್ಲಿ ನಡೆದದ್ದು ಕೊರತೆ ತುಂಬುವ ಕೆಲಸ. ಮೇಷ್ಟ್ರ ಕೊರತೆಯೂ ತಟ್ಟೆಯಲ್ಲೇ ಕಂಡಿತ್ತು, ತಟ್ಟೆಯಲ್ಲೇ ತುಂಬಬಹುದಿತ್ತು.

ಹಾಗಾಗಿ ಈ ನೆಗಡಿಗೆ ಬಿಸಿನೀರು, ವಿಶ್ರಾಂತಿ, ಉಪ್ಪುನೀರಿನ ಗಂಟಲು ಮುಕ್ಕಳಿಕೆ ಎಂದು ಬರೆದೆ. ಶೀಟನ್ನು ಅಂಗಡಿಗೆ ವಾಪಸ್ ಕೊಡಲು ಹೇಳಿದೆ. ನಾಲ್ಕು ವಾರ ಹೊಸ ಊಟ ಮಾಡಿ ಬಂದ ಮೇಲೂ ಬಾಯಿರುಚಿ ಇಲ್ಲದಿರುವುದು, ಗಾಯ ಬೇಗ ಮಾಯದಿರುವುದು, ಪದೇ ಪದೇ ಹೊಟ್ಟೆ ಕೆಡುವುದು ಇದ್ದರೆ, ನೆಗಡಿ ಜ್ವರ ಇಲ್ಲದ ದಿನ ನೋಡಿ ರಕ್ತ ಪರೀಕ್ಷೆ ಮಾಡಿಸೋಣ, ಬೇಕಾದರೆ ಸಣ್ಣ ಪ್ರಮಾಣದ ಮಾತ್ರೆಯನ್ನು ದಿನ ಗೊತ್ತುಮಾಡಿ ಕೊಡುತ್ತೇನೆ ಎಂದೆ.

ಮೇಷ್ಟ್ರು ಲೆಕ್ಕದ ಕಾಗದವನ್ನು ಮಡಿಸಿ, ಮಾತ್ರೆ ಶೀಟು ಇದ್ದ ಜೇಬಿಗೇ ಇಟ್ಟುಕೊಂಡರು. ಬಾಗಿಲ ಬಳಿ ನಿಂತು, "ಮುದ್ದೆ ತಿರುವೋದನ್ನ ನಾನೇ ಕಲಿತೀನಿ ಬಿಡಿ ಡಾಕ್ಟ್ರಮ್ಮ," ಎಂದರು.